ಇಪ್ಪತ್ತೈದು ಹೈಡ್ರೋಜನ್‌ಗಳ ವಿಳಾಸ: ಮಿಯಾಪುರದ ಒಂದು ಅಣುವನ್ನು ಓದುವ ಬಗೆ

ಮಿಯಾಪುರ ಎಂದರೆ ನಮ್ಮವರಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮೆಟ್ರೋದ ಕೆಂಪು ಮಾರ್ಗದ ಕೊನೆಯ ನಿಲ್ದಾಣ, ಇಲ್ಲವೇ ಬೆಳಗಿನ ಜಾವ ಬೆಂಗಳೂರಿನ ಬಸ್ಸು ಇಳಿಸಿ ಹೋಗುವ ಜಾಗ. ಅಲ್ಲಿಂದ ಬೊಲ್ಲಾರಂ ರಸ್ತೆ ಹಿಡಿದರೆ ಇನ್ನೊಂದು ಮಿಯಾಪುರ ಸಿಗುತ್ತದೆ. ಅದು ಔಷಧ ಕಂಪನಿಗಳ, ಲ್ಯಾಬ್‌ಗಳ ಮಿಯಾಪುರ. ಔಷಧ ರಸಾಯನಶಾಸ್ತ್ರದ ಸಂಶೋಧನಾ ಲೇಖನಗಳಲ್ಲಿ ‘ಡಿಸ್ಕವರಿ ರಿಸರ್ಚ್, ಡಾ. ರೆಡ್ಡೀಸ್ ಲ್ಯಾಬೊರೇಟರೀಸ್, ಬೊಲ್ಲಾರಂ ರಸ್ತೆ, ಮಿಯಾಪುರ’ ಎಂಬ ವಿಳಾಸ ಎಷ್ಟೋ ಸಲ ಅಚ್ಚಾಗಿದೆ. ಇದೇ ಭಾಗದಲ್ಲಿ ಎನ್‌ಎಂಆರ್ ಹಾಳೆಗಳನ್ನು ಓದುವುದೇ ನನ್ನ ಕೆಲಸ. ‘ನೀನು ದಿನವಿಡೀ ನೋಡುವ ಆ ಗೆರೆಗಳಲ್ಲಿ ಏನಿದೆ?’ ಎಂದು ಊರಿನವರು ಕೇಳುತ್ತಾರೆ. ಉತ್ತರವಾಗಿ ಈ ರಸ್ತೆಯಲ್ಲೇ ಹುಟ್ಟಿದ ಒಂದು ಅಣುವನ್ನು ಎತ್ತಿಕೊಂಡು, ಗೆರೆಗಳಿಂದ ಅದರ ರಚನೆಯನ್ನು ಹೇಗೆ ಕಂಡುಹಿಡಿಯುತ್ತೇವೆಂದು ಹೇಳುತ್ತೇನೆ.

ಆ ಅಣುವಿನ ಹೆಸರು ಡಿಆರ್‌ಎಫ್ 2725. ಆಮೇಲೆ ಬಂದ ಹೆಸರು ರಾಗಾಗ್ಲಿಟಜಾರ್. ಸಕ್ಕರೆ ಕಾಯಿಲೆಗೆಂದು ಮಾಡಿದ್ದು. ರಕ್ತದ ಸಕ್ಕರೆ ಮತ್ತು ಕೊಬ್ಬು ಎರಡನ್ನೂ ಇಳಿಸಬಹುದು ಎಂಬ ನಿರೀಕ್ಷೆ ಅದರ ಮೇಲಿತ್ತು. 1998ರಲ್ಲಿ ಡೆನ್ಮಾರ್ಕ್‌ನ ನೋವೋ ನಾರ್ಡಿಸ್ಕ್ ಕಂಪನಿ ಅದನ್ನು ಮುಂದಿನ ಪರೀಕ್ಷೆಗಳಿಗಾಗಿ ತೆಗೆದುಕೊಂಡಿತು. 2001ರಲ್ಲಿ ಬಿ.ಬಿ. ಲೋಹ್ರೆ ಮತ್ತು ಸಂಗಡಿಗರು ‘ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿ’ಯಲ್ಲಿ ಅದರ ವಿವರ ಪ್ರಕಟಿಸಿದರು. ಅಂಥ ಅಣುವೊಂದು ಫ್ಲಾಸ್ಕಿನಲ್ಲಿ ತಯಾರಾದಾಗ ಕಣ್ಣಿಗೆ ಕಾಣುವುದು ಬರೀ ಪುಡಿ. ಅದು ನಾವು ಮಾಡಲು ಹೊರಟ ವಸ್ತುವೇ, ಅಥವಾ ಅದರಂತೆ ನಟಿಸುವ ಇನ್ನೊಂದೇ? ಈ ಪ್ರಶ್ನೆಗೆ ಉತ್ತರ ಸಿಗದೆ ಪುಡಿ ಇಲಿಗೂ ಹೋಗಬಾರದು, ಮನುಷ್ಯನಿಗೂ ಹೋಗಬಾರದು.

ಯಂತ್ರ ಹೇಳುವ ಮೂರು ಮಾತು

ಐದರಿಂದ ಹತ್ತು ಮಿಲಿಗ್ರಾಂ ಪುಡಿಯನ್ನು ಅರ್ಧ ಮಿಲಿಲೀಟರ್‌ಗಿಂತ ತುಸು ಹೆಚ್ಚು ದ್ರಾವಕದಲ್ಲಿ ಕರಗಿಸಿ, ಪೆನ್ಸಿಲಿಗಿಂತ ಸಣಕಲಾದ ಗಾಜಿನ ಕೊಳವೆಗೆ ಹಾಕಿ, ಬಲವಾದ ಅಯಸ್ಕಾಂತದೊಳಗೆ ಇಳಿಸುತ್ತೇವೆ. ದ್ರಾವಕವೂ ಸಾಮಾನ್ಯದ್ದಲ್ಲ. ಕ್ಲೋರೋಫಾರ್ಮಿನ ಹೈಡ್ರೋಜನ್ ತೆಗೆದು ಅದರ ಜಾಗದಲ್ಲಿ ಡ್ಯುಟೀರಿಯಂ ಕೂರಿಸಿದ್ದು. ಇಲ್ಲದಿದ್ದರೆ ದ್ರಾವಕದ ಗದ್ದಲದಲ್ಲಿ ನಮ್ಮ ಅಣುವಿನ ದನಿ ಕೇಳಿಸುವುದಿಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರವೂ ಇದೇ ಕುಲದ್ದು. ಅದು ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್‌ಗಳಿಂದ ಚಿತ್ರ ಕಟ್ಟುತ್ತದೆ. ನಮ್ಮದು ಅಣುವಿನ ಪ್ರತಿ ಹೈಡ್ರೋಜನ್ನನ್ನೂ ಅದು ಕೂತ ಜಾಗ ನೋಡಿ ಬೇರೆ ಮಾಡಿ ತೋರಿಸುತ್ತದೆ.

ಒಂದು ಹಳೆಯ ವಠಾರದ ಜನಗಣತಿಗೆ ಹೋದಿರಿ ಎಂದುಕೊಳ್ಳಿ. ಮೂರು ವಿಷಯ ಬರೆದುಕೊಳ್ಳುತ್ತೀರಿ: ಮನೆ ಯಾವ ಕಡೆ ಇದೆ, ಒಳಗೆ ಎಷ್ಟು ಜನ, ಪಕ್ಕದ ಮನೆಯಲ್ಲಿ ಎಷ್ಟು ಜನ. ಎನ್‌ಎಂಆರ್ ಹಾಳೆ ಹೇಳುವುದೂ ಈ ಮೂರನ್ನೇ.

ಮೊದಲನೆಯದು ಕೆಮಿಕಲ್ ಶಿಫ್ಟ್, ಅಂದರೆ ವಿಳಾಸ. ಹೈಡ್ರೋಜನ್ ಸುತ್ತ ಎಲೆಕ್ಟ್ರಾನ್‌ಗಳು ದಟ್ಟವಾಗಿದ್ದರೆ ಅವು ಅಯಸ್ಕಾಂತದ ಬಲಕ್ಕೆ ಕೊಡೆ ಹಿಡಿಯುತ್ತವೆ. ಆ ಹೈಡ್ರೋಜನ್ನಿನ ಗೆರೆ ಹಾಳೆಯ ಬಲಕ್ಕೆ, ಸೊನ್ನೆಯ ಹತ್ತಿರ ಬೀಳುತ್ತದೆ. ಪಕ್ಕದಲ್ಲಿ ಆಮ್ಲಜನಕದಂಥ ಎಳೆದುಕೊಳ್ಳುವ ಸ್ವಭಾವದ ಪರಮಾಣು ಇದ್ದರೆ ಕೊಡೆ ತೆಳುವಾಗಿ, ಗೆರೆ ಎಡಕ್ಕೆ ಸರಿಯುತ್ತದೆ. ಅಳತೆ ಪಿಪಿಎಂನಲ್ಲಿ. ಬರೀ ಕಾರ್ಬನ್ ಸರಪಳಿಯ ತುದಿಯ ಹೈಡ್ರೋಜನ್‌ಗಳು 1ರ ಆಸುಪಾಸು, ಆಮ್ಲಜನಕಕ್ಕೆ ಅಂಟಿದ ಕಾರ್ಬನ್ನಿನ ಮೇಲಿನವು 3.4ರಿಂದ 4.3, ಬೆಂಜೀನ್ ಉಂಗುರದವು 6.5ರಿಂದ 8.

ಎರಡನೆಯದು ಇಂಟಿಗ್ರೇಷನ್, ಅಂದರೆ ತಲೆ ಎಣಿಕೆ. ಗೆರೆಯ ಎತ್ತರವನ್ನಲ್ಲ, ಅದರ ಅಡಿಯ ಒಟ್ಟು ವಿಸ್ತಾರವನ್ನು ಅಳೆಯುತ್ತೇವೆ. ಅದು ಹೈಡ್ರೋಜನ್‌ಗಳ ಸಂಖ್ಯೆಗೆ ಅನುಪಾತದಲ್ಲಿರುತ್ತದೆ. ಯಂತ್ರ ಕೊಡುವುದು ಅನುಪಾತ ಮಾತ್ರ. 3:2 ಮತ್ತು 6:4 ಅದಕ್ಕೆ ಒಂದೇ. ಅಣುಸೂತ್ರ ಗೊತ್ತಿದ್ದರೆ ಮಾತ್ರ ನಿಜವಾದ ಸಂಖ್ಯೆ ಸಿಗುತ್ತದೆ.

ಮೂರನೆಯದು ಸ್ಪ್ಲಿಟಿಂಗ್, ಗೆರೆ ಒಡೆಯುವುದು. ಪಕ್ಕದ ಕಾರ್ಬನ್ನಿನ ಮೇಲಿರುವ ಪ್ರತಿ ಹೈಡ್ರೋಜನ್ನೂ ಒಂದು ಪುಟ್ಟ ಅಯಸ್ಕಾಂತ. ಅದರ ಮುಖ ಮೇಲಿರಬಹುದು, ಕೆಳಗಿರಬಹುದು. ನೆರೆಯಲ್ಲಿ ಒಂದೇ ಇದ್ದರೆ ಎರಡು ಸಾಧ್ಯತೆ, ನಮ್ಮ ಗೆರೆ ಎರಡಾಗುತ್ತದೆ. ಎರಡಿದ್ದರೆ ಎರಡು ನಾಣ್ಯ ಚಿಮ್ಮಿದಂತೆ: ಎರಡೂ ಮೇಲೆ ಬೀಳುವುದು ಒಂದು ಬಗೆ, ಒಂದು ಮೇಲೆ ಒಂದು ಕೆಳಗೆ ಬೀಳಲು ಎರಡು ಬಗೆ, ಎರಡೂ ಕೆಳಗೆ ಬೀಳುವುದು ಒಂದು ಬಗೆ. ಹಾಗಾಗಿ 1:2:1 ಬಲದ ಮೂರು ಗೆರೆ. ನೆರೆಯವರ ಸಂಖ್ಯೆಗೆ ಒಂದು ಕೂಡಿಸಿದರೆ ಗೆರೆಗಳ ಸಂಖ್ಯೆ. ಗೆರೆಗಳ ನಡುವಿನ ಅಂತರವನ್ನು ಹರ್ಟ್ಸ್‌ನಲ್ಲಿ ಅಳೆಯುತ್ತೇವೆ, ಅದನ್ನು ‘ಜೆ’ ಎನ್ನುತ್ತೇವೆ. ಈ ‘ಜೆ’ ಎರಡೂ ಕಡೆ ಒಂದೇ ಇರಬೇಕು. ನೀನು ನನ್ನನ್ನು 7 ಹರ್ಟ್ಸ್ ಒಡೆದರೆ ನಾನೂ ನಿನ್ನನ್ನು 7 ಹರ್ಟ್ಸ್ ಒಡೆಯುತ್ತೇನೆ. ಯಾರ ಪಕ್ಕದಲ್ಲಿ ಯಾರಿದ್ದಾರೆಂದು ತಾಳೆ ನೋಡುವುದು ಇದರಿಂದಲೇ.

ಹಾಳೆಯ ಮೇಲಿನ ಲೆಕ್ಕ

ಈಗ ನಮ್ಮ ಅಣುವಿಗೆ ಬರೋಣ. ಅದರ ರಚನೆ ಗೊತ್ತಿಲ್ಲವೆಂದೇ ಇಟ್ಟುಕೊಳ್ಳೋಣ. ಕೈಯಲ್ಲಿರುವುದು ಅಣುಸೂತ್ರ C25H25NO5 ಮತ್ತು ಒಂದು ಹಾಳೆ. ಕ್ಲೋರೋಫಾರ್ಮಿನಲ್ಲಿ ಆ ಹಾಳೆ ಸುಮಾರಾಗಿ ಹೀಗಿರುತ್ತದೆ:

- 1.2: ಮೂರು ಗೆರೆ, 3 ಹೈಡ್ರೋಜನ್
- 2.9–3.1: ಗೋಜಲು ಗುಂಪು, 2
- 3.4–3.7: ಗೋಜಲು ಗುಂಪು, 2
- 3.9–4.1: ಒಂದರ ಮೇಲೊಂದು ಕೂತ ಗೆರೆಗಳು, 3
- 4.2: ಮೂರು ಗೆರೆ, 2
- 6.6–6.8: ದಟ್ಟ ಗುಂಪು, 10
- 7.15: ಎರಡು ಗೆರೆ, 2

ಮೊದಲು ಕೂಡಿಸಿ ನೋಡಿ. 24 ಬರುತ್ತದೆ. ಸೂತ್ರದಲ್ಲಿ 25 ಇದೆ. ಒಬ್ಬ ಎಣಿಕೆಗೆ ಸಿಕ್ಕಿಲ್ಲ. ಹೀಗೆ ತಪ್ಪಿಸಿಕೊಳ್ಳುವವನು ಸಾಮಾನ್ಯವಾಗಿ ಆಮ್ಲದ, ಅಂದರೆ COOH ಗುಂಪಿನ ಹೈಡ್ರೋಜನ್. ಅದು ಒಂದು ಕಡೆ ನಿಲ್ಲದೆ ಅಣುವಿಂದ ಅಣುವಿಗೆ, ದ್ರಾವಕದಲ್ಲಿರುವ ನೀರಿನ ತೇವಕ್ಕೆ ಜಿಗಿಯುತ್ತಿರುವುದರಿಂದ ಅದರ ಗೆರೆ ಹರಡಿಕೊಂಡು ತಳದ ಗೆರೆಯಲ್ಲೇ ಮುಳುಗಿಬಿಡುತ್ತದೆ. ಕಾಣಿಸುತ್ತಿಲ್ಲ ಎಂದರೆ ಇಲ್ಲ ಎಂದಲ್ಲ.

ಇನ್ನೊಂದು ಲೆಕ್ಕ ಸೂತ್ರದಿಂದಲೇ ಸಿಗುತ್ತದೆ. 25 ಕಾರ್ಬನ್, ಒಂದು ನೈಟ್ರೋಜನ್ ಇರುವ ಅಣುವಿಗೆ ಉಂಗುರವಾಗಲಿ ಜೋಡಿ ಬಂಧವಾಗಲಿ ಇಲ್ಲದಿದ್ದರೆ 53 ಹೈಡ್ರೋಜನ್ ಹಿಡಿಸುತ್ತಿತ್ತು. ಇರುವುದು 25. ಕೊರತೆ 28, ಅಂದರೆ 14 ಜೋಡಿ. ಉಂಗುರಗಳೂ ಜೋಡಿ ಬಂಧಗಳೂ ಸೇರಿ ಹದಿನಾಲ್ಕು ಇರಲೇಬೇಕು. ಒಂದು ಬೆಂಜೀನ್ ಉಂಗುರ ಈ ಲೆಕ್ಕದಲ್ಲಿ ನಾಲ್ಕನ್ನು ನುಂಗುತ್ತದೆ.

ತುಂಡು ತುಂಡಾಗಿ

ಸುಲಭದ್ದರಿಂದ ಶುರುಮಾಡೋಣ. 1.2ರಲ್ಲಿ ಮೂರು ಹೈಡ್ರೋಜನ್, ಮೂರು ಗೆರೆ, 7 ಹರ್ಟ್ಸ್ ಅಂತರ. ಮೂರು ಹೈಡ್ರೋಜನ್ ಎಂದರೆ ಒಂದು CH3. ಮೂರು ಗೆರೆ ಎಂದರೆ ಪಕ್ಕದಲ್ಲಿ ಎರಡು ಹೈಡ್ರೋಜನ್, ಒಂದು CH2. ಎರಡೂ ಸೇರಿದರೆ ಎಥಿಲ್ ಗುಂಪು. ಹಾಗಾದರೆ ಆ CH2 ಎಲ್ಲಿದೆ? 7 ಹರ್ಟ್ಸ್ ಒಡಕು ತೋರಿಸುವ ಎರಡು ಹೈಡ್ರೋಜನ್ ಹುಡುಕಿದರೆ 3.4–3.7ರ ಗುಂಪಿನಲ್ಲಿ ಸಿಗುತ್ತವೆ.

ಈ ಅಂಕಿಯ ಮೇಲೆ ಸ್ವಲ್ಪ ನಿಲ್ಲಬೇಕು. ಇದೇ ಸೂತ್ರಕ್ಕೆ ಸಲ್ಲುವ ಇನ್ನೊಂದು ಅಣು ಇದೆ. ಅದರಲ್ಲಿ ಎಥಿಲ್ ಗುಂಪು ಆಮ್ಲದ ಕಡೆಗೆ ಅಂಟಿ ಎಸ್ಟರ್ ಆಗಿರುತ್ತದೆ, ಪಕ್ಕದ ಕಾರ್ಬನ್ನಿನ ಮೇಲೆ ಬರೀ OH ಇರುತ್ತದೆ. ಪರಮಾಣುಗಳು ಅವೇ, ತೂಕವೂ ಅದೇ. ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಎರಡರ ಅಣುತೂಕವೂ 419. ಆದರೆ ಎಸ್ಟರಿನ CH2 ಇನ್ನೂ ಎಡಕ್ಕೆ, 4.2ರ ಹತ್ತಿರ ನಿಲ್ಲುತ್ತದೆ. ಪಕ್ಕದ ಕಾರ್ಬೊನಿಲ್ ಗುಂಪು ಆಮ್ಲಜನಕದ ಮೂಲಕ ಎಲೆಕ್ಟ್ರಾನ್‌ಗಳನ್ನು ಇನ್ನಷ್ಟು ಎಳೆದುಕೊಳ್ಳುವುದೇ ಕಾರಣ. ಇಲ್ಲಿ 3.4–3.7 ಇರುವುದರಿಂದ ನಮ್ಮದು ಈಥರ್, ಆಮ್ಲ ಬಿಡುವಾಗಿಯೇ ಉಳಿದಿದೆ. ಅರ್ಧಕ್ಕಿಂತ ತುಸು ಹೆಚ್ಚು ಪಿಪಿಎಂನ ವ್ಯತ್ಯಾಸ ಎರಡು ಬೇರೆ ವಸ್ತುಗಳನ್ನು ಬಿಡಿಸಿಕೊಟ್ಟಿತು.

ಪಕ್ಕದಲ್ಲಿ CH3 ಇರುವ CH2ಗೆ ನಾಲ್ಕು ಗೆರೆ ಬರಬೇಕಿತ್ತಲ್ಲ, ಗೋಜಲೇಕೆ? ಕಾಲೇಜಿನಲ್ಲಿ ಕಲಿತ ‘ಒಂದು ಕೂಡಿಸು’ ಸೂತ್ರ ಸೋಲುವ ಜಾಗ ಇದು. ಆ ಸೂತ್ರ ನಡೆಯುವುದು CH2ನ ಎರಡು ಹೈಡ್ರೋಜನ್‌ಗಳು ಒಂದರಂತೆ ಒಂದು ಇದ್ದಾಗ. ಹತ್ತಿರದಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳನ್ನು ಹಿಡಿದ ಕಾರ್ಬನ್ ಇದ್ದರೆ ಅವೆರಡಕ್ಕೂ ಕಾಣುವ ಲೋಕ ಬೇರೆಯಾಗುತ್ತದೆ. ಒಬ್ಬನ ಕಿಟಕಿ ರಸ್ತೆಗೆ, ಇನ್ನೊಬ್ಬನದು ಹಿತ್ತಲಿಗೆ. ಆಗ ಅವು ಬೇರೆ ಬೇರೆ ಜಾಗದಲ್ಲಿ ಗೆರೆ ಹಾಕುತ್ತವೆ, ಒಂದನ್ನೊಂದು ಸುಮಾರು 9 ಹರ್ಟ್ಸ್ ಒಡೆಯುತ್ತವೆ, ಮೇಲೆ CH3 ಅವನ್ನು ಮತ್ತೆ ನಾಲ್ಕಾಗಿ ಒಡೆಯುತ್ತದೆ. ಹೊಸಬರು ಈ ಗೋಜಲನ್ನು ಕಲಬೆರಕೆ ಎಂದುಕೊಳ್ಳುವುದುಂಟು. ನಿಜದಲ್ಲಿ ಅದೇ ಒಂದು ಸುಳಿವು: ಹತ್ತಿರದಲ್ಲೆಲ್ಲೋ ಅಂಥ ಒಂದು ಕೈರಲ್ ಕಾರ್ಬನ್ ಇದೆ.

ಅದನ್ನು ಹುಡುಕಲು 2.9–3.1ರ ಗುಂಪಿಗೆ ಹೋಗೋಣ. 3ರ ಆಸುಪಾಸು ಎಂದರೆ ಬೆಂಜೀನ್ ಉಂಗುರಕ್ಕೆ ಅಂಟಿದ CH2. ಯಂತ್ರ ಚೆನ್ನಾಗಿದ್ದರೆ ಪ್ರತಿ ಹೈಡ್ರೋಜನ್ನಿಗೂ ನಾಲ್ಕು ಗೆರೆ ಬಿಡಿಸಿ ಕಾಣುತ್ತದೆ. ಆದರೆ ಎಥಿಲ್‌ನಂತೆ ಸಮ ಅಂತರದಲ್ಲಲ್ಲ. ಒಂದು ದೊಡ್ಡ ಒಡಕು ಸುಮಾರು 14 ಹರ್ಟ್ಸ್, ಒಂದು ಸಣ್ಣದು. ದೊಡ್ಡದು ಒಂದೇ ಕಾರ್ಬನ್ನಿನ ಮೇಲಿನ ಇಬ್ಬರ ಜಗಳ. ಸಣ್ಣದು ಪಕ್ಕದ ಒಂದೇ ಒಂದು ಹೈಡ್ರೋಜನ್ನಿನದು. ಅದು ಒಬ್ಬನಿಗೆ ನಾಲ್ಕೈದು ಹರ್ಟ್ಸ್, ಇನ್ನೊಬ್ಬನಿಗೆ ಏಳೆಂಟು. ಆ ಒಂಟಿ ಹೈಡ್ರೋಜನ್ 4.0–4.1ರಲ್ಲಿ, ಮೂವರ ಗುಂಪಿನಲ್ಲಿ ಸೇರಿಕೊಂಡಿದೆ. ಒಂದು ಕಡೆ ಆಮ್ಲಜನಕ, ಇನ್ನೊಂದು ಕಡೆ ಆಮ್ಲದ ಗುಂಪು ಎಳೆಯುವುದರಿಂದ ಅಲ್ಲಿಯವರೆಗೆ ಸರಿದಿದೆ. ಉಂಗುರದ CH2, ಎಥಾಕ್ಸಿ, COOH, ಜೊತೆಗೆ ಈ ಹೈಡ್ರೋಜನ್: ನಾಲ್ಕೂ ಬೇರೆ. ಕೈರಲ್ ಕಾರ್ಬನ್ ಸಿಕ್ಕಿತು.

ಮೂವರ ಗುಂಪಿನಲ್ಲಿ ಉಳಿದ ಇಬ್ಬರು 3.95ರ ಹತ್ತಿರ ಮೂರು ಗೆರೆಗಳಾಗಿದ್ದಾರೆ. 4.2ರಲ್ಲೂ ಮೂರು ಗೆರೆ. ಎರಡು ಕಡೆಯೂ ಆರು ಆರೂವರೆ ಹರ್ಟ್ಸ್ ಅಂತರ, ತಾಳೆಯಾಯಿತು. ಹಾಗಾದರೆ ಇವು ಅಕ್ಕಪಕ್ಕದ ಎರಡು CH2. ಬೇರೆ ನೆರೆಯವರಿಲ್ಲದ ಕಾರಣ ಆಚೆ ಬದಿಗಳಲ್ಲಿ ಹೈಡ್ರೋಜನ್ ಇಲ್ಲದ ಪರಮಾಣುಗಳಿರಬೇಕು. ಹೆಚ್ಚು ಎಡಕ್ಕಿರುವ 4.2 ಆಮ್ಲಜನಕದ ಪಕ್ಕದ್ದು, 3.95 ನೈಟ್ರೋಜನ್ನಿನ ಪಕ್ಕದ್ದು. ಹೀಗೆ ನೈಟ್ರೋಜನ್ನಿನಿಂದ ಆಮ್ಲಜನಕಕ್ಕೆ ಒಂದು ಪುಟ್ಟ ಸೇತುವೆ ಸಿಕ್ಕಿತು.

ಕೊನೆಗೆ ಉಂಗುರಗಳು. 7.15ರಲ್ಲಿ ಎರಡು ಹೈಡ್ರೋಜನ್, ಎರಡು ಗೆರೆ, ಎಂಟೂವರೆ ಹರ್ಟ್ಸ್. ಎದುರು ಬದುರು ತುದಿಗಳಲ್ಲಿ ಮಾತ್ರ ಗುಂಪು ಹಿಡಿದ ಬೆಂಜೀನ್ ಉಂಗುರದ ಗುರುತು ಇದು. ಅಂಥ ಉಂಗುರದಲ್ಲಿ ಇನ್ನೆರಡು ಹೈಡ್ರೋಜನ್ ಇರಲೇಬೇಕು. ಅವು 6.8ರ ಹತ್ತಿರ ದಟ್ಟ ಗುಂಪಿನಲ್ಲಿ ಅಡಗಿವೆ. ಉಂಗುರಕ್ಕೆ ಎಲೆಕ್ಟ್ರಾನ್ ಕೊಡುವ ಆಮ್ಲಜನಕದ ಪಕ್ಕದಲ್ಲಿರುವುದರಿಂದ ಬಲಕ್ಕೆ ಸರಿದಿವೆ. ಹತ್ತರಲ್ಲಿ ಎರಡು ಹೋದರೆ ಎಂಟು.

ಇನ್ನು ಉಳಿದದ್ದನ್ನು ಎಣಿಸಿದರೆ ಸಾಕು. ಇದುವರೆಗೆ ಹದಿಮೂರು ಕಾರ್ಬನ್, ನಾಲ್ಕು ಆಮ್ಲಜನಕ ಖರ್ಚಾದವು. ಉಳಿದದ್ದು ಹನ್ನೆರಡು ಕಾರ್ಬನ್, ಎಂಟು ಹೈಡ್ರೋಜನ್, ಒಂದು ಆಮ್ಲಜನಕ, ಜೊತೆಗೆ ಸೇತುವೆಯ ನೈಟ್ರೋಜನ್. ಹದಿನಾಲ್ಕರಲ್ಲಿ ಒಂದು ಉಂಗುರಕ್ಕೆ ನಾಲ್ಕು, ಆಮ್ಲಕ್ಕೆ ಒಂದು ಹೋಗಿ ಒಂಬತ್ತು ಬಾಕಿ. ಎರಡು ಬೆಂಜೀನ್ ಉಂಗುರ ಎಂದರೆ ಎಂಟು. ಇನ್ನೊಂದು, ಅವೆರಡನ್ನೂ ಹೊಲಿದು ಮಾಡಿದ ನಡುವಿನ ಉಂಗುರ. ಒಂದು ಹೊಲಿಗೆ ನೈಟ್ರೋಜನ್ನಿನದು, ಇನ್ನೊಂದು ಆಮ್ಲಜನಕದ್ದು. ಇದೇ ಫಿನಾಕ್ಸಜೀನ್. ಆ ಆಮ್ಲಜನಕ ನಡುವೆ ಇರದೆ ಬೇರೆಲ್ಲೋ ಇದ್ದು, ಎರಡು ಉಂಗುರಗಳು ನೇರವಾಗಿ ಅಂಟಿ ಕಾರ್ಬಜೋಲ್ ಆಗಿರಬಾರದೇಕೆ? ಎಣಿಕೆ ಅದಕ್ಕೂ ಅಡ್ಡಿ ಹೇಳುವುದಿಲ್ಲ. ಅಡ್ಡಿ ಹೇಳುವುದು ವಿಳಾಸ. ಕಾರ್ಬಜೋಲಿನ ಎರಡು ಹೈಡ್ರೋಜನ್‌ಗಳು 8ರ ಆಚೆಗೆ ಎದ್ದು ಕಾಣುತ್ತವೆ. ನಮ್ಮ ಹಾಳೆಯಲ್ಲಿ 7.2ರಿಂದ ಎಡಕ್ಕೆ ಅಣುವಿನ ಗೆರೆಯೇ ಇಲ್ಲ. ಎಂಟೂ ಬಲಕ್ಕೆ ಸರಿದಿರುವುದು ನೈಟ್ರೋಜನ್, ಆಮ್ಲಜನಕ ಎರಡೂ ಆ ಉಂಗುರಗಳಿಗೆ ಎಲೆಕ್ಟ್ರಾನ್ ಕೊಡುತ್ತಿರುವುದಕ್ಕೆ.

ತುಂಡುಗಳನ್ನು ಜೋಡಿಸಿದರೆ ಅಣು ಪೂರ್ಣ: ಫಿನಾಕ್ಸಜೀನ್, ಎರಡು CH2ಗಳ ಸೇತುವೆ, ಆಮ್ಲಜನಕ, ಬೆಂಜೀನ್ ಉಂಗುರ, CH2, ಕೊನೆಯಲ್ಲಿ ಎಥಾಕ್ಸಿ ಮತ್ತು ಆಮ್ಲ ಹಿಡಿದ ಕೈರಲ್ ಕಾರ್ಬನ್.

ಎಣಿಕೆ ಕೆಡುವ ಬಗೆ

ಪುಸ್ತಕದ ಹಾಳೆಯಲ್ಲಿ ಇರದ, ಲ್ಯಾಬಿನ ಹಾಳೆಯಲ್ಲಿ ಸದಾ ಇರುವ ಕೆಲವು ಅತಿಥಿಗಳಿದ್ದಾರೆ. 7.26ರಲ್ಲಿ ಉಳಿಕೆ ಕ್ಲೋರೋಫಾರ್ಮ್, 1.6ರ ಹತ್ತಿರ ನೀರು. ನಮ್ಮ 7.15ರ ಗೆರೆಗಳನ್ನು ಎಣಿಸುವಾಗ ಕೈ ಸ್ವಲ್ಪ ಎಡಕ್ಕೆ ಜಾರಿದರೆ ಕ್ಲೋರೋಫಾರ್ಮ್ ಸೇರಿ ಎರಡು ಎರಡೂವರೆಯಾಗುತ್ತದೆ.

ಇವರಿಗಿಂತ ಕಿಲಾಡಿ ಎಥಿಲ್ ಅಸಿಟೇಟ್. ಪುಡಿಯನ್ನು ಶುದ್ಧಮಾಡಲು ಬಳಸಿದ ಈ ದ್ರಾವಕ ಪೂರ್ತಿ ಒಣಗದೆ ಉಳಿದರೆ 1.26ರಲ್ಲಿ ಮೂರು ಗೆರೆ, 4.12ರಲ್ಲಿ ನಾಲ್ಕು ಗೆರೆ ಹಾಕುತ್ತದೆ. ಮೊದಲನೆಯದು ನಮ್ಮ 1.2ಕ್ಕೆ ಮೈಗೆ ಮೈ ತಾಗಿಸಿಕೊಂಡು ಕೂರುತ್ತದೆ. 3 ಬರಬೇಕಾದ ಎಣಿಕೆ 3.3 ಬಂದಿತೆನ್ನಿ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ದ್ರಾವಕ ಉಳಿದಿದೆ. ಇನ್ನೊಂದು, ಈ ಆಮ್ಲವನ್ನು ಸಾಮಾನ್ಯವಾಗಿ ಮಾಡುವುದು ಅದರ ಎಥಿಲ್ ಎಸ್ಟರನ್ನು ಕ್ಷಾರದಿಂದ ಸೀಳಿ. ಆ ಎಸ್ಟರ್ ಪೂರ್ತಿ ಸೀಳದೆ ಹತ್ತರಲ್ಲೊಂದು ಪಾಲು ಉಳಿದಿದ್ದರೂ ಹೆಚ್ಚುಕಡಿಮೆ ಇದೇ ಅಂಕಿ ಬರುತ್ತದೆ. ಮೊದಲನೆಯದಕ್ಕೆ ಮದ್ದು, ಇನ್ನಷ್ಟು ಹೊತ್ತು ಒಣಗಿಸುವುದು. ಎರಡನೆಯದನ್ನು ಎಷ್ಟು ಒಣಗಿಸಿದರೂ ಹೋಗದು, ಕ್ರಿಯೆಯನ್ನೇ ಮುಂದುವರಿಸಬೇಕು.

ಯಾವುದೆಂದು ಹೇಳುವುದು 2.05ರ ಜಾಗ. ಎಥಿಲ್ ಅಸಿಟೇಟಿನ ಇನ್ನೊಂದು CH3ಗೆ ನೆರೆಯವರೇ ಇಲ್ಲ. ಅದು ಅಲ್ಲಿ ಒಂಟಿ ಗೆರೆಯಾಗಿ ನಿಲ್ಲುತ್ತದೆ. ನಮ್ಮ ಅಣುವಿಗೂ ಅದರ ಎಸ್ಟರಿಗೂ 2.05ರಲ್ಲಿ ಏನೂ ಇಲ್ಲ. ಅಲ್ಲಿ 0.3 ಎಣಿಕೆಯ ಗೆರೆ ಇದ್ದರೆ ಹತ್ತು ಅಣುವಿಗೆ ಒಂದು ಎಥಿಲ್ ಅಸಿಟೇಟ್ ಇದೆ ಎಂದರ್ಥ. ಅದರ ಅಣುತೂಕ 88, ನಮ್ಮದು 419. ತೂಕದ ಲೆಕ್ಕದಲ್ಲಿ ಸುಮಾರು ಶೇಕಡಾ 2. ಅಲ್ಲಿ ಖಾಲಿಯಿದ್ದು 4.2ರ ಎಣಿಕೆ ಮಾತ್ರ ಉಬ್ಬಿದ್ದರೆ ಎಸ್ಟರ್ ಮೇಲೆ ಅನುಮಾನ ಪಡಬೇಕು. ಹಾಳೆ ಓದುವವರು ಇರುವ ಗೆರೆಗಳಷ್ಟೇ ಖಾಲಿ ಜಾಗವನ್ನೂ ನೋಡುವುದು ಇದಕ್ಕಾಗಿ.

ಹಾಳೆ ಹೇಳದ ಮಾತು

ಇಷ್ಟೆಲ್ಲ ಹೇಳುವ ಹಾಳೆ ಒಂದು ವಿಷಯದಲ್ಲಿ ಮೌನ. ಕೈರಲ್ ಕಾರ್ಬನ್ ಇದೆಯೆಂದರೆ ಅಣು ಎರಡು ರೂಪದಲ್ಲಿರಬಹುದು, ಎಡಗೈ ಬಲಗೈಗಳಂತೆ. 2001ರ ಲೇಖನ ಹೇಳುವ ಡಿಆರ್‌ಎಫ್ 2725 ಬೆಳಕನ್ನು ಎಡಕ್ಕೆ ತಿರುಗಿಸುವ ರೂಪ ಮಾತ್ರ. ಅದರ ಕನ್ನಡಿ ಬಿಂಬ ನಮ್ಮ ಕೊಳವೆಯಲ್ಲಿದ್ದರೂ, ಎರಡೂ ಅರ್ಧರ್ಧ ಬೆರೆತಿದ್ದರೂ, ಮಾಮೂಲಿ ದ್ರಾವಕದಲ್ಲಿ ಹಾಳೆ ಮೇಲಿನಂತೆಯೇ ಬರುತ್ತದೆ, ಒಂದು ಗೆರೆಯೂ ಹೆಚ್ಚು ಕಡಿಮೆಯಿಲ್ಲದೆ. ಕನ್ನಡಿಯೊಳಗಿನ ವಠಾರದಲ್ಲೂ ಮನೆಗಳ ನಡುವಿನ ದೂರ ಅಷ್ಟೇ ತಾನೆ.

ಬೇರೆ ಮಾಡಬೇಕಿದ್ದರೆ ಒಂದೇ ಕೈಯ ಇನ್ನೊಂದು ಅಣುವನ್ನು ಅದಕ್ಕೆ ಅಂಟಿಸಬೇಕು. ಬಲಗೈ ಚಪ್ಪಲಿಗೆ ಇಲ್ಲ, ಕೈಗವಸಿಗೆ ಉಂಟು. ಬಲಗೈ ಗವಸು ಎರಡೂ ಕೈಗೆ ಒಂದೇ ರೀತಿ ಕೂರುವುದಿಲ್ಲವಲ್ಲ, ಹಾಗೆ. ಒಂದೇ ರೂಪದ ಕೈರಲ್ ಅಮೀನನ್ನು ಆಮ್ಲಕ್ಕೆ ಸೇರಿಸಿದರೆ ಉಂಟಾಗುವ ಎರಡು ಅಮೈಡ್‌ಗಳು ಕನ್ನಡಿ ಬಿಂಬಗಳಲ್ಲ. ಆಗ ಅವುಗಳ ಗೆರೆಗಳು ಬೇರೆ ಬೇರೆ ಜಾಗದಲ್ಲಿ ಬೀಳುತ್ತವೆ, ಇಂಟಿಗ್ರೇಷನ್ನಿನಿಂದ ಯಾವುದು ಎಷ್ಟು ಪಾಲು ಎಂದು ಎಣಿಸಬಹುದು. ಇಲ್ಲವೇ ಕೈರಲ್ ಕಾಲಂ ಇರುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಡಬೇಕು.

ಅಣು ದೇಹದೊಳಗೆ ಏನು ಮಾಡುತ್ತದೆ ಎಂಬುದಂತೂ ಈ ಗೆರೆಗಳ ವ್ಯಾಪ್ತಿಗೇ ಬರುವುದಿಲ್ಲ. ರಾಗಾಗ್ಲಿಟಜಾರ್ ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಹೋಯಿತು. ಆದರೆ ಪ್ರಯೋಗದ ಪ್ರಾಣಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಕಂಡದ್ದರಿಂದ 2002ರಲ್ಲಿ ನೋವೋ ನಾರ್ಡಿಸ್ಕ್ ಅದನ್ನು ನಿಲ್ಲಿಸಿತು. ರಚನೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಇಪ್ಪತ್ತೈದು ಹೈಡ್ರೋಜನ್‌ಗಳೂ ಇರಬೇಕಾದ ಮನೆಗಳಲ್ಲೇ ಇದ್ದವು. ಆ ಗಡ್ಡೆಗಳಿಗೆ ಕಾರಣ ಕೊಳವೆಯೊಳಗಿನ ಕಲಬೆರಕೆಯಲ್ಲ, ಅಣುವೇ ಎಂದು ನೋಡಲು ಹೊರಟವರಿಗೆ ಮೊದಲು ಬೇಕಾದದ್ದು ಕೊಳವೆಯಲ್ಲಿ ಇದ್ದದ್ದು ಇದೇ ಎಂಬ ಖಾತ್ರಿ. ಗೆರೆಗಳು ಕೊಡುವುದು ಅಷ್ಟನ್ನು.